ಬಿಸಿ ಮಾಡಿದ ಅನ್ನವೂ ಏಕೆ ಕೈಕೊಡುತ್ತದೆ?

ಮಕ್ಕಳೇ, ಈ ಸಲ ಒಂದು ಪ್ರಶ್ನೆಯಿಂದಲೇ ಪಾಠ ಶುರು ಮಾಡೋಣ. ಘಟಕ ಪರೀಕ್ಷೆಗೆ ನಾನು ಕೊಟ್ಟ ಪ್ರಶ್ನೆ ಇದು.

"ಒಂದು ಶಾಲಾ ಶಿಬಿರದಲ್ಲಿ ರಾತ್ರಿ 8 ಗಂಟೆಗೆ ಬೆಳ್ತಿಗೆ ಅಕ್ಕಿಯ ಅನ್ನ ಮಾಡಿದರು. ಮಿಕ್ಕ ಅನ್ನವನ್ನು ಅದೇ ದೊಡ್ಡ ಪಾತ್ರೆಯಲ್ಲಿ ಮುಚ್ಚಿ ಅಡುಗೆ ಕೋಣೆಯಲ್ಲೇ ಬಿಟ್ಟರು. ಬೆಳಿಗ್ಗೆ 8 ಗಂಟೆಗೆ ಅದಕ್ಕೆ ಒಗ್ಗರಣೆ ಹಾಕಿ, ಹೊಗೆಯಾಡುವಷ್ಟು ಬಿಸಿ ಮಾಡಿ ಚಿತ್ರಾನ್ನ ಬಡಿಸಿದರು. ಎಂಟೂವರೆಗೆ ತಿಂದ ಕೆಲವು ಮಕ್ಕಳಿಗೆ ಹತ್ತೂವರೆಯ ಹೊತ್ತಿಗೆ ವಾಂತಿ ಆರಂಭವಾಯಿತು. ಅನ್ನಕ್ಕೆ ಹಳಸಿದ ವಾಸನೆ ಇರಲಿಲ್ಲ. ತಪ್ಪು ಎಲ್ಲಿ ಆಯಿತು? ಕಾರಣ ಕೊಟ್ಟು ವಿವರಿಸಿ."

ಹೆಚ್ಚಿನವರು ಬರೆದ ಉತ್ತರ ಒಂದೇ: "ಅನ್ನವನ್ನು ಸರಿಯಾಗಿ ಬಿಸಿ ಮಾಡಲಿಲ್ಲ, ಆದ್ದರಿಂದ ಬ್ಯಾಕ್ಟೀರಿಯಾ ಸಾಯಲಿಲ್ಲ." ಪ್ರಶ್ನೆಯಲ್ಲಿ "ಹೊಗೆಯಾಡುವಷ್ಟು ಬಿಸಿ ಮಾಡಿ" ಎಂದು ಸ್ಪಷ್ಟವಾಗಿ ಇದೆ. ಆದರೂ ಕೈ ತಾನಾಗಿ ಅದನ್ನೇ ಬರೆಯಿತು. "ಬಿಸಿ ಮಾಡಿದರೆ ಎಲ್ಲ ಸರಿಯಾಗುತ್ತದೆ" ಎಂಬ ಮಾತು ನಮ್ಮ ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಇಲ್ಲಿ ಆ ಮಾತು ನಡೆಯುವುದಿಲ್ಲ. ತಪ್ಪು ಆದದ್ದು ಬೆಳಿಗ್ಗೆ ಎಂಟಕ್ಕೆ ಅಲ್ಲ, ಹಿಂದಿನ ರಾತ್ರಿ. ಅದು ಹೇಗೆ ಎಂದು ಒಂದೊಂದೇ ಹೆಜ್ಜೆ ಇಟ್ಟು ನೋಡೋಣ.

ಎರಡು ವೇಷದ ಜೀವಿ

ಇಲ್ಲಿನ ಅಪರಾಧಿಯ ಹೆಸರು ಬ್ಯಾಸಿಲಸ್ ಸೀರಿಯಸ್. ಕೋಲಿನ ಆಕಾರದ ಬ್ಯಾಕ್ಟೀರಿಯಾ. ಇದರ ಮನೆ ಮಣ್ಣು. ಗದ್ದೆಯ ಮಣ್ಣಿನಲ್ಲಿ ಇರುವುದರಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಇದು ಸಹಜವಾಗಿಯೇ ಬರುತ್ತದೆ. ಅಡುಗೆಯವರು ಎಷ್ಟೇ ಶುಚಿಯಾಗಿದ್ದರೂ ಅಕ್ಕಿಯ ಜೊತೆಯಲ್ಲೇ ಬಂದ ಇದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ಅಕ್ಕಿ ತೊಳೆದರೆ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೆ.

ಈ ಜೀವಿಗೆ ಎರಡು ವೇಷ. ನೀರು, ಆಹಾರ, ಹಿತವಾದ ಬಿಸಿ ಇರುವಾಗ ಅದು ಸಕ್ರಿಯ ಕೋಶವಾಗಿ ಇರುತ್ತದೆ. ತಿನ್ನುತ್ತದೆ, ಬೆಳೆಯುತ್ತದೆ, ಒಂದು ಎರಡಾಗುತ್ತದೆ. ಪರಿಸ್ಥಿತಿ ಕೆಟ್ಟಾಗ ಕೋಶದ ಒಳಗೆ ಒಂದು ಬೀಜಾಣು ರೂಪುಗೊಳ್ಳುತ್ತದೆ. ಬೀಜಾಣುವಿನ ಒಳಭಾಗದಲ್ಲಿ ನೀರು ತೀರಾ ಕಡಿಮೆ. ಸುತ್ತಲೂ ಹಲವು ಪದರಗಳ ದಪ್ಪ ಕವಚ. ಅದು ತಿನ್ನುವುದಿಲ್ಲ, ಬೆಳೆಯುವುದಿಲ್ಲ, ವರ್ಷಗಟ್ಟಲೆ ಸುಮ್ಮನೆ ಕೂತಿರಬಲ್ಲದು. ಒಣ ಅಕ್ಕಿಯಲ್ಲಿ ಇರುವುದು ಈ ವೇಷದಲ್ಲೇ.

ಅಕ್ಕಿ ಕುದಿಯುವಾಗ ಏನಾಗುತ್ತದೆ? ಸಕ್ರಿಯ ಕೋಶಗಳೆಲ್ಲ ಸಾಯುತ್ತವೆ. ಆದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೂ ಕೆಲವು ಬೀಜಾಣುಗಳು ಉಳಿದುಕೊಳ್ಳುತ್ತವೆ. ಅಷ್ಟೇ ಅಲ್ಲ, ಆ ಬಿಸಿಯೇ ಅವುಗಳಿಗೆ ಎಚ್ಚರಗೊಳ್ಳುವ ಸೂಚನೆ ಕೊಟ್ಟಂತೆ ಆಗುತ್ತದೆ. ಅನ್ನ ಹಿತವಾದ ಬಿಸಿಗೆ ಇಳಿದಾಗ ಬೀಜಾಣು ಮೊಳೆತು ಮತ್ತೆ ಸಕ್ರಿಯ ಕೋಶವಾಗುತ್ತದೆ.

ಗದ್ದೆಯನ್ನು ನೆನಪು ಮಾಡಿಕೊಳ್ಳಿ. ಕಳೆ ಕಿತ್ತು, ಉತ್ತು, ನೀರು ನಿಲ್ಲಿಸಿದ ಗದ್ದೆಯಲ್ಲಿ ಬಿತ್ತಿದ್ದು ಬೇಗ ಏಳುತ್ತದೆ ಅಲ್ವಾ? ಬೇಯಿಸಿದ ಅನ್ನವೂ ಹಾಗೆಯೇ. ಬಿಸಿಯಿಂದಾಗಿ ಬೇರೆ ಬ್ಯಾಕ್ಟೀರಿಯಾಗಳು ಸತ್ತು ಪೈಪೋಟಿ ಇಲ್ಲವಾಗಿದೆ. ಪಿಷ್ಟ ಬೆಂದು ಮೆತ್ತಗಾಗಿದೆ. ನೀರು ಧಾರಾಳ. ಉಳಿದ ಬೀಜಾಣುವಿಗೆ ಇದು ಹದವಾದ ಗದ್ದೆ.

ಒಂದು ರಾತ್ರಿಯ ಲೆಕ್ಕ

ಬ್ಯಾಸಿಲಸ್ ಸೀರಿಯಸ್‌ಗೆ ಅತ್ಯಂತ ಹಿತವಾದ ತಾಪಮಾನ 30ರಿಂದ 37 ಡಿಗ್ರಿ. ಸುಮಾರು 50 ಡಿಗ್ರಿ ಮೀರಿದರೆ ಬೆಳವಣಿಗೆ ಇಲ್ಲ. ತಣ್ಣಗಾದಷ್ಟೂ ಬೆಳವಣಿಗೆ ನಿಧಾನವಾಗುತ್ತದೆ. 5 ಡಿಗ್ರಿ ಹತ್ತಿರದಲ್ಲಿ ಹೆಚ್ಚಿನ ತಳಿಗಳು ನಿಂತೇ ಬಿಡುತ್ತವೆ, ಚಳಿ ಸಹಿಸುವ ಕೆಲವು ಮಾತ್ರ ಮೆಲ್ಲಗೆ ಬೆಳೆಯುತ್ತವೆ. ಆಹಾರ ಸುರಕ್ಷತೆಯಲ್ಲಿ 5ರಿಂದ 60 ಡಿಗ್ರಿಯ ನಡುವಿನ ಭಾಗವನ್ನು ಅಪಾಯದ ವಲಯ ಎನ್ನುವುದು ಇಂಥ ಜೀವಿಗಳ ಕಾರಣದಿಂದಲೇ.

ಈಗ ನಮ್ಮ ಶಿಬಿರದ ಪಾತ್ರೆಗೆ ಬನ್ನಿ. ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ. ಬೆಂದ ಮೇಲೆ ಒಂದು ಗ್ರಾಂ ಅನ್ನದಲ್ಲಿ 10 ಬೀಜಾಣು ಉಳಿದಿವೆ. ರಾತ್ರಿ 8ರಿಂದ 11ರವರೆಗೆ ಪಾತ್ರೆಯ ಒಳಭಾಗ 50 ಡಿಗ್ರಿಗಿಂತ ಹೆಚ್ಚು ಬಿಸಿ ಇತ್ತು, ಬೆಳವಣಿಗೆ ಇಲ್ಲ. 11ರಿಂದ 12ರವರೆಗೆ ಬೀಜಾಣುಗಳು ಮೊಳೆಯಲು ತೆಗೆದುಕೊಂಡ ಸಮಯ. ಆಮೇಲೆ ಅರ್ಧ ಗಂಟೆಗೆ ಒಮ್ಮೆ ಸಂಖ್ಯೆ ಎರಡು ಪಟ್ಟು. ಬೆಚ್ಚಗಿನ ಅನ್ನದಲ್ಲಿ ಈ ವೇಗ ಅತಿಶಯವೇನಲ್ಲ.

ಮಧ್ಯರಾತ್ರಿ 12ರಿಂದ ಬೆಳಿಗ್ಗೆ 8ರವರೆಗೆ 8 ಗಂಟೆ. ಅಂದರೆ 16 ಸಲ ದ್ವಿಗುಣ. ಸೂತ್ರ ನಿಮಗೆ ಗೊತ್ತಿದೆ:

N = N₀ × 2ⁿ

N = 10 × 2¹⁶ = 10 × 65,536 = 6,55,360

ಗ್ರಾಂಗೆ 10 ಇದ್ದದ್ದು ಆರೂವರೆ ಲಕ್ಷವಾಯಿತು! ಒಂದು ಗ್ರಾಂ ಆಹಾರದಲ್ಲಿ ಒಂದು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಬ್ಯಾಸಿಲಸ್ ಸೀರಿಯಸ್ ಕಂಡರೆ ಆಹಾರ ತಜ್ಞರು ಅದನ್ನು ಅಪಾಯದ ಮಟ್ಟ ಎಂದು ಎಣಿಸುತ್ತಾರೆ. ಆ ಗೆರೆಯನ್ನು ನಮ್ಮ ಅನ್ನ ಯಾವಾಗ ದಾಟಿತು? 2¹³ ಅಂದರೆ 8,192, ಹತ್ತರಿಂದ ಗುಣಿಸಿದರೆ ಇನ್ನೂ ಲಕ್ಷ ಆಗಿಲ್ಲ. 2¹⁴ ಅಂದರೆ 16,384, ಈಗ ಒಂದು ಲಕ್ಷ ಅರವತ್ತು ಸಾವಿರ ದಾಟಿತು. ಹದಿನಾಲ್ಕನೆಯ ದ್ವಿಗುಣ ಮುಗಿದದ್ದು ಬೆಳಿಗ್ಗೆ 7 ಗಂಟೆಗೆ. ಅಡುಗೆಯವರು ಬಾಣಲೆ ಒಲೆಗೆ ಇಡುವ ಮೊದಲೇ ಕೆಲಸ ಕೆಟ್ಟಿತ್ತು.

ಲೆಕ್ಕದಲ್ಲಿ ಇನ್ನೊಂದು ಸಂಗತಿ ಗಮನಿಸಿ. ಬೆಳಿಗ್ಗೆ 4 ಗಂಟೆಗೆ ಎಂಟೇ ಸಲ ದ್ವಿಗುಣವಾಗಿತ್ತು, ಸಂಖ್ಯೆ 2,560 ಮಾತ್ರ. ಮುಂದಿನ ನಾಲ್ಕೇ ಗಂಟೆಯಲ್ಲಿ ಅದು ಆರೂವರೆ ಲಕ್ಷಕ್ಕೆ ಏರಿತು. "ನಿನ್ನೆ ಇನ್ನೂ ಎರಡು ಗಂಟೆ ಹೆಚ್ಚು ಇಟ್ಟಿದ್ದೆವು, ಏನೂ ಆಗಿರಲಿಲ್ಲ" ಎಂಬ ಮಾತಿಗೆ ಏಕೆ ಬೆಲೆ ಇಲ್ಲ ಎಂದು ಇದರಿಂದ ತಿಳಿಯುತ್ತದೆ. ಆ ದಿನದ ಅಕ್ಕಿಯಲ್ಲಿ ಬೀಜಾಣು ಕಡಿಮೆ ಇದ್ದಿರಬಹುದು, ರಾತ್ರಿ ತಂಪಾಗಿ ಇದ್ದಿರಬಹುದು. ಪ್ರತಿ ದಿನ ಹಾಗೆ ಇರುವುದಿಲ್ಲ.

ಬ್ಯಾಕ್ಟೀರಿಯಾ ಸತ್ತರೂ ವಿಷ ಉಳಿಯುತ್ತದೆ

ಇನ್ನು ನಿಮ್ಮ ಮನಸ್ಸಿನಲ್ಲಿ ಇರುವ ಪ್ರಶ್ನೆಗೆ ಬರೋಣ. ಆರೂವರೆ ಲಕ್ಷ ಆಗಲಿ, ಆರೂವರೆ ಕೋಟಿ ಆಗಲಿ, ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿದಾಗ ಅವೆಲ್ಲ ಸಾಯಬೇಕಲ್ಲವೇ, ಸರ್?

ಸಾಯುತ್ತವೆ. ಸಕ್ರಿಯ ಕೋಶಗಳು ಸಾಯುತ್ತವೆ. ಆದರೆ ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಅನ್ನದಲ್ಲಿ ಬೆಳೆಯುವಾಗಲೇ ಒಂದು ವಿಷವನ್ನು ತಯಾರಿಸಿ ಬಿಟ್ಟಿರುತ್ತವೆ. ಅದರ ಹೆಸರು ಸೆರ್ಯೂಲೈಡ್. ಇದು ಅಮೈನೋ ಆಮ್ಲ ಮತ್ತು ಅದರಂಥ ಚಿಕ್ಕ ಘಟಕಗಳು ಬಳೆಯಂತೆ ಸುತ್ತಿ ಸೇರಿದ ಪುಟ್ಟ ಅಣು.

ಮೊಟ್ಟೆಯ ಬಿಳಿ ಬಿಸಿಗೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ದೊಡ್ಡ ಪ್ರೋಟೀನ್ ಅಣುವಿನ ಮಡಿಕೆಗಳು ಬಿಸಿಗೆ ಬಿಚ್ಚಿಹೋಗುತ್ತವೆ, ಅದರ ಕೆಲಸವೂ ನಿಲ್ಲುತ್ತದೆ. ಸೆರ್ಯೂಲೈಡ್‌ನಲ್ಲಿ ಹಾಗೆ ಬಿಚ್ಚಿಹೋಗುವ ದೊಡ್ಡ ಮಡಿಕೆಗಳೇ ಇಲ್ಲ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಟ್ಟರೂ ಅದು ತಾಳುತ್ತದೆ ಎಂದು ಪ್ರಯೋಗಗಳು ತೋರಿಸಿವೆ. 121 ಡಿಗ್ರಿ ಅಂದರೆ ಆಸ್ಪತ್ರೆಯಲ್ಲಿ ಉಪಕರಣ ಶುದ್ಧ ಮಾಡುವ ಆಟೋಕ್ಲೇವ್‌ನ ಬಿಸಿ. ಅದರ ಮುಂದೆ ನಮ್ಮ ಬಾಣಲೆ ಏನು ಮಾಡೀತು? ಹೊಟ್ಟೆಯ ಆಮ್ಲವೂ, ಪ್ರೋಟೀನ್ ಜೀರ್ಣಿಸುವ ಕಿಣ್ವಗಳೂ ಅದನ್ನು ಒಡೆಯಲಾರವು. ಆದ್ದರಿಂದ ಬೆಳಿಗ್ಗೆ ಚಿತ್ರಾನ್ನಕ್ಕೆ ಲಿಂಬೆ ಹಿಂಡಿದರೂ ಪ್ರಯೋಜನವಿಲ್ಲ.

ಹೊಟ್ಟೆಗೆ ಹೋದ ಸೆರ್ಯೂಲೈಡ್ ನರದ ಮೂಲಕ ಮೆದುಳಿನ ವಾಂತಿ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ. ವಿಷ ಮೊದಲೇ ತಯಾರಾಗಿ ಇರುವುದರಿಂದ ಬ್ಯಾಕ್ಟೀರಿಯಾ ನಮ್ಮೊಳಗೆ ಬೆಳೆಯುವವರೆಗೆ ಕಾಯಬೇಕಾಗಿಲ್ಲ. ತಿಂದ ಅರ್ಧ ಗಂಟೆಯಿಂದ 6 ಗಂಟೆಯ ಒಳಗೆ ಹೊಟ್ಟೆ ತೊಳೆಸುವುದು, ವಾಂತಿ ಶುರುವಾಗುತ್ತದೆ. ಪರೀಕ್ಷೆಯ ಪ್ರಶ್ನೆಯಲ್ಲಿ ಈ ಸಮಯವೇ ನಿಮಗೆ ಸಿಗುವ ದೊಡ್ಡ ಸುಳಿವು.

ಇದೇ ಬ್ಯಾಕ್ಟೀರಿಯಾ ಇನ್ನೊಂದು ರೀತಿಯಲ್ಲೂ ಕಾಯಿಲೆ ತರುತ್ತದೆ. ಜೀವಂತ ಬ್ಯಾಕ್ಟೀರಿಯಾ ಕರುಳಿಗೆ ಹೋಗಿ ಅಲ್ಲಿ ಬೇರೆ ವಿಷ ತಯಾರಿಸಿದಾಗ ಹೊಟ್ಟೆನೋವು, ಭೇದಿ ಬರುತ್ತದೆ. ಅದಕ್ಕೆ 8ರಿಂದ 16 ಗಂಟೆ ಬೇಕು. ಆ ವಿಷಗಳು ಬಿಸಿಗೆ ನಾಶವಾಗುವ ಪ್ರೋಟೀನ್‌ಗಳು. ನಾರ್ವೆಯ ಸ್ಟೈನಾರ್ ಹೌಗೆ ಎಂಬ ವಿಜ್ಞಾನಿ ಈ ಭೇದಿಯ ರೂಪವನ್ನು 1950ರ ದಶಕದಲ್ಲಿ ವಿವರಿಸಿದರು. ಓಸ್ಲೋದಲ್ಲಿ ಹಿಂದಿನ ದಿನ ಮಾಡಿ ಹೊರಗೆ ಇಟ್ಟಿದ್ದ ವೆನಿಲ್ಲಾ ಸಾಸ್ ತಿಂದವರಿಗೆ ಕಾಯಿಲೆ ಆಗಿತ್ತು. ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೆಳೆಸಿದ ಸಾಸನ್ನು ತಾವೇ ಕುಡಿದು, ಹೊಟ್ಟೆನೋವು ಭೇದಿ ಅನುಭವಿಸಿ, ಕಾರಣ ಇದೇ ಎಂದು ಅವರು ಖಚಿತ ಮಾಡಿಕೊಂಡರು. ವಾಂತಿಯ ರೂಪ ಗಮನಕ್ಕೆ ಬಂದದ್ದು 1970ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ಚೈನೀಸ್ ಹೋಟೆಲುಗಳಲ್ಲಿ ರಾಶಿ ಅನ್ನ ಬೇಯಿಸಿ ರಾತ್ರಿಯಿಡೀ ಹೊರಗೆ ಇಟ್ಟು, ಮರುದಿನ ಫ್ರೈಡ್ ರೈಸ್ ಮಾಡುತ್ತಿದ್ದರು. ಫ್ರಿಜ್‌ನಲ್ಲಿಟ್ಟ ಅನ್ನ ಗಂಟುಕಟ್ಟುತ್ತದೆ, ಹುರಿಯುವಾಗ ಬಿಡಿಬಿಡಿ ಆಗುವುದಿಲ್ಲ ಎಂಬುದು ಅವರ ಕಷ್ಟ.

ನಿಜವಾಗಿ ನಡೆದ ಒಂದು ಪ್ರಕರಣ

1993ರ ಜುಲೈ 21ರಂದು ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಎರಡು ಶಿಶುಪಾಲನಾ ಕೇಂದ್ರಗಳಲ್ಲಿ ಮಧ್ಯಾಹ್ನ ಊಟದ ನಂತರ ಮಕ್ಕಳಿಗೆ ವಾಂತಿ ಶುರುವಾಯಿತು. ಆರೋಗ್ಯ ಇಲಾಖೆಯವರು ಊಟ ಮಾಡಿದ 67 ಮಂದಿಯನ್ನು ವಿಚಾರಿಸಿದರು. 14 ಮಂದಿಗೆ ಕಾಯಿಲೆ ಆಗಿತ್ತು. ಊಟಕ್ಕೆ ಹೋಟೆಲಿನಿಂದ ಬಂದ ಚಿಕನ್ ಫ್ರೈಡ್ ರೈಸ್ ಇತ್ತು.

ಅದನ್ನೇ ಹೇಗೆ ಹಿಡಿದರು? ಫ್ರೈಡ್ ರೈಸ್ ತಿಂದವರು 48, ಅವರಲ್ಲಿ 14 ಮಂದಿಗೆ ಕಾಯಿಲೆ. ಖಂಡಿತ ತಿನ್ನದವರು 16, ಅವರಲ್ಲಿ ಒಬ್ಬರಿಗೂ ಇಲ್ಲ. ಉಳಿದ 3 ಮಂದಿಗೆ ತಿಂದದ್ದು ನೆನಪಿರಲಿಲ್ಲ. ತಿಂದವರಲ್ಲಿ ಶೇಕಡಾ 29, ತಿನ್ನದವರಲ್ಲಿ ಸೊನ್ನೆ. ಆಹಾರದ ಪತ್ತೇದಾರಿಕೆ ಎಂದರೆ ಈ ಹೋಲಿಕೆಯೇ.

ಮುಂದೆ ಸಮಯ ನೋಡಿ. ತಿಂದ ಒಂದೂವರೆ ಗಂಟೆಯಿಂದ ಮೂರೂವರೆ ಗಂಟೆಯ ಒಳಗೆ ಎಲ್ಲರಿಗೂ ಲಕ್ಷಣ ಕಂಡಿತ್ತು. ಮಿಕ್ಕ ಫ್ರೈಡ್ ರೈಸ್ ಪರೀಕ್ಷಿಸಿದಾಗ ಗ್ರಾಂಗೆ ಹತ್ತು ಲಕ್ಷಕ್ಕೂ ಹೆಚ್ಚು ಬ್ಯಾಸಿಲಸ್ ಸೀರಿಯಸ್ ಸಿಕ್ಕಿತು. ಕಾಯಿಲೆಯಾದ ಒಂದು ಮಗುವಿನ ವಾಂತಿಯಲ್ಲೂ ಸಿಕ್ಕಿತು. ಮಿಕ್ಕ ಹಾಲಿನಲ್ಲಿ ಸಿಗಲಿಲ್ಲ.

ಅನ್ನದ ಕಥೆ ಹೀಗಿತ್ತು. ಜುಲೈ 20ರ ರಾತ್ರಿ ಅನ್ನ ಬೇಯಿಸಿದರು. ಹೊರಗೇ ಇಟ್ಟು ಆರಿಸಿ, ಆಮೇಲೆ ಫ್ರಿಜ್‌ಗೆ ಹಾಕಿದರು. ಮರುದಿನ ಬೆಳಿಗ್ಗೆ ಬೇಯಿಸಿದ ಕೋಳಿ ತುಂಡುಗಳ ಜೊತೆ ಎಣ್ಣೆಯಲ್ಲಿ ಹುರಿದರು. ಸುಮಾರು ಹತ್ತೂವರೆಗೆ ಕೇಂದ್ರಗಳಿಗೆ ತಲುಪಿಸಿದರು. ಅಲ್ಲಿ ಫ್ರಿಜ್ ಇಲ್ಲದೆ ಇಟ್ಟು, ಪುನಃ ಬಿಸಿ ಮಾಡದೆ 12 ಗಂಟೆಗೆ ಬಡಿಸಿದರು.

ಇದನ್ನು ನಮ್ಮ ಪ್ರಶ್ನೆಯ ಜೊತೆ ಇಟ್ಟು ನೋಡಿ. ಇಲ್ಲಿ ಫ್ರಿಜ್ ಬಳಸಿದ್ದರು! ಆದರೂ ಕೆಟ್ಟಿತು. ಏಕೆಂದರೆ ಫ್ರಿಜ್‌ಗೆ ಹೋಗುವ ಮೊದಲು ಅನ್ನ ಕೋಣೆಯ ಬಿಸಿಯಲ್ಲಿ ನಿಧಾನವಾಗಿ ಆರಿತು. ಬೆಳಿಗ್ಗೆ ಹುರಿದದ್ದು ಆ ತಪ್ಪನ್ನು ಅಳಿಸಲಿಲ್ಲ. ಕೊನೆಯ ಒಂದೂವರೆ ಗಂಟೆ ಹಿಂದಿನ ತಪ್ಪಿಗೆ ಇನ್ನೊಂದು ತಪ್ಪನ್ನು ಸೇರಿಸಿತು. ಅದೃಷ್ಟಕ್ಕೆ ಹೆಚ್ಚಿನವರು ಕೆಲವೇ ಗಂಟೆಗಳಲ್ಲಿ ಚೇತರಿಸಿಕೊಂಡರು.

ಎಲ್ಲ ಸಲವೂ ಹಾಗೆ ಆಗುವುದಿಲ್ಲ. 2003ರಲ್ಲಿ ಬೆಲ್ಜಿಯಂನ ಒಂದು ಮನೆಯಲ್ಲಿ ಶುಕ್ರವಾರ ಮಾಡಿದ ಪಾಸ್ತಾ ಸಲಾಡ್ ಶನಿವಾರ ವನಭೋಜನಕ್ಕೆ ಹೋಗಿ ಬಂತು. ಮಿಕ್ಕದ್ದನ್ನು ಫ್ರಿಜ್‌ನಲ್ಲಿಟ್ಟು ಸೋಮವಾರ ರಾತ್ರಿ ಐದು ಮಕ್ಕಳಿಗೆ ಕೊಟ್ಟರು. ಐವರಿಗೂ ಕಾಯಿಲೆಯಾಗಿ, ಯಕೃತ್ತು ಕೆಟ್ಟು 7 ವರ್ಷದ ಹುಡುಗಿ ತೀರಿಕೊಂಡಳು. ಆ ಫ್ರಿಜ್‌ನ ಒಳಗಿನ ತಾಪಮಾನ ಅಳೆದಾಗ 14 ಡಿಗ್ರಿ ಇತ್ತು. ಇಂಥ ಸಾವು ಬಹಳ ಅಪರೂಪ. ಆದರೂ "ಫ್ರಿಜ್‌ನಲ್ಲಿಟ್ಟಿದ್ದೆವು" ಎಂಬ ಮಾತು ಎಷ್ಟು ಡಿಗ್ರಿ ಎಂದು ಹೇಳದಿದ್ದರೆ ಪೂರ್ತಿಯಾಗುವುದಿಲ್ಲ ಎಂದು ಇದು ಕಲಿಸುತ್ತದೆ.

ಹಾಗಾದರೆ ಅನ್ನವನ್ನು ಆರಿಸುವುದು ಹೇಗೆ?

ಬೀಜಾಣುವನ್ನು ಕೊಲ್ಲಲು ಆಗದು, ತಯಾರಾದ ವಿಷವನ್ನು ಕೆಡಿಸಲು ಆಗದು. ನಮ್ಮ ಕೈಯಲ್ಲಿ ಉಳಿದಿರುವುದು ಒಂದೇ: ಬೀಜಾಣು ಮೊಳೆತು ಹೆಚ್ಚಲು ಸಮಯ ಕೊಡದಿರುವುದು. ಅನ್ನ ಒಂದೋ 60 ಡಿಗ್ರಿಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ದಾರಿಯನ್ನು ಬೇಗ ದಾಟಬೇಕು.

ಬೇಗ ಅಂದರೆ ಎಷ್ಟು? ಬೇಯಿಸಿದ ಆಹಾರ ಕೋಣೆಯ ತಾಪಮಾನದಲ್ಲಿ 2 ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನದ ವಿಷಯದಲ್ಲಿ ಬ್ರಿಟನ್ನಿನ ಸಲಹೆ ಇನ್ನೂ ಬಿಗಿ: ಸಾಧ್ಯವಾದರೆ ಒಂದು ಗಂಟೆಯೊಳಗೆ ಆರಿಸಿ ಫ್ರಿಜ್‌ಗೆ, ಅಲ್ಲಿಂದ ಒಂದು ದಿನದೊಳಗೆ ತಿಂದು ಮುಗಿಸಬೇಕು. ಅಮೆರಿಕದ ಹೋಟೆಲುಗಳಿಗೆ ಎರಡು ಹಂತದ ನಿಯಮ ಇದೆ. 57 ಡಿಗ್ರಿಯಿಂದ 21 ಡಿಗ್ರಿಗೆ 2 ಗಂಟೆಯೊಳಗೆ, ಒಟ್ಟು 6 ಗಂಟೆಯೊಳಗೆ 5 ಡಿಗ್ರಿಗೆ. ಮೊದಲ ಹಂತಕ್ಕೆ ಕಡಿಮೆ ಸಮಯ ಕೊಟ್ಟದ್ದು ಏಕೆ? ಆ ಹಂತದಲ್ಲೇ 30ರಿಂದ 37 ಡಿಗ್ರಿಯ ಹಿತವಾದ ಬಿಸಿ ಬರುತ್ತದೆ. ಅಲ್ಲಿ ನಿಂತಷ್ಟೂ ಕೇಡು.

ಇಲ್ಲಿ ಭೌತಶಾಸ್ತ್ರ ನಮಗೆ ಸಹಾಯ ಮಾಡುತ್ತದೆ. ಅನ್ನ ಶಾಖವನ್ನು ಚೆನ್ನಾಗಿ ವಹಿಸುವುದಿಲ್ಲ. ಒಳಗಿನ ಶಾಖ ಅಗುಳಿನಿಂದ ಅಗುಳಿಗೆ ದಾಟಿ ಹೊರಗೆ ಬರಬೇಕು. ಹೀಗೆ ವಹನದಿಂದ ಆರುವ ವಸ್ತುವಿನಲ್ಲಿ ಸಮಯವು ಸುಮಾರಾಗಿ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ದಪ್ಪ ಅರ್ಧವಾದರೆ ಸಮಯ ಕಾಲು ಭಾಗ. 20 ಸೆಂಟಿಮೀಟರ್ ದಪ್ಪದ ಅನ್ನವನ್ನು 5 ಸೆಂಟಿಮೀಟರಿಗೆ ಹರಡಿದರೆ ದಪ್ಪ ನಾಲ್ಕನೇ ಒಂದು, ಒಳಗಿನ ಶಾಖ ಹೊರಬರುವ ಸಮಯ ಸುಮಾರು ಹದಿನಾರನೇ ಒಂದು. ಗಾಳಿ, ಪಾತ್ರೆ, ಮುಚ್ಚಳ ಇವುಗಳಿಂದ ನಿಜವಾದ ಸಂಖ್ಯೆ ಬದಲಾದೀತು, ಆದರೆ ದಿಕ್ಕು ಇದೇ.

ಆದ್ದರಿಂದ ಮಾಡಬೇಕಾದ್ದು ಇಷ್ಟು. ಮಿಕ್ಕ ಅನ್ನವನ್ನು ದೊಡ್ಡ ಪಾತ್ರೆಯಲ್ಲೇ ಬಿಡದೆ ಅಗಲವಾದ ಶುಚಿ ಹರಿವಾಣಗಳಲ್ಲಿ ತೆಳ್ಳಗೆ ಹರಡುವುದು. ಹಬೆ ಹೋಗುವವರೆಗೆ ಗಟ್ಟಿಯಾಗಿ ಮುಚ್ಚದಿರುವುದು, ಏಕೆಂದರೆ ಆವಿಯಾಗುವ ನೀರು ತನ್ನ ಜೊತೆ ಶಾಖವನ್ನೂ ಒಯ್ಯುತ್ತದೆ. ಬೇಕಿದ್ದರೆ ಹರಿವಾಣವನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಫ್ಯಾನ್ ಹಾಕುವುದು. ಹಬೆ ಹೋದ ಮೇಲೆ ಚಿಕ್ಕ ಡಬ್ಬಿಗಳಲ್ಲಿ ಫ್ರಿಜ್‌ಗೆ ಇಡುವುದು. ಬಿಸಿ ಪಾತ್ರೆಯನ್ನೇ ಹಾಗೇ ಫ್ರಿಜ್‌ಗೆ ತುರುಕಿದರೆ ಎರಡು ತೊಂದರೆ: ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಜೊತೆಗೆ ಅಲ್ಲಿರುವ ಹಾಲು, ಮೀನು ಎಲ್ಲವನ್ನೂ ಬಿಸಿ ಮಾಡುತ್ತದೆ.

ಫ್ರಿಜ್ ಇಲ್ಲದ ಮನೆಯವರು? ಬೇಕಾದಷ್ಟೇ ಬೇಯಿಸುವುದು, ಮಿಕ್ಕದ್ದನ್ನು ಬೆಳಗಿನವರೆಗೆ ಕಾಯಿಸದಿರುವುದು ಎಲ್ಲಕ್ಕಿಂತ ಒಳ್ಳೆಯದು. "ಅಜ್ಜಿ ರಾತ್ರಿ ಅನ್ನಕ್ಕೆ ನೀರು ಹಾಕಿ ಇಡುತ್ತಾರೆ, ಬೆಳಿಗ್ಗೆ ತಂಗಳನ್ನ ಉಣ್ಣುತ್ತೇವೆ, ಅದು?" ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ತಣ್ಣೀರು ಹಾಕಿದಾಗ ಅನ್ನ ಬೇಗ ಆರುತ್ತದೆ. ಆಮೇಲೆ ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ ಬೆಳೆದು ಹುಳಿ ಬರುತ್ತದೆ. ಹುಳಿ ಹೆಚ್ಚಾದರೆ ಬ್ಯಾಸಿಲಸ್ ಸೀರಿಯಸ್ ಬೆಳೆಯಲಾರದು. ಮುಚ್ಚಿಟ್ಟ ಒಣ ಅನ್ನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದು. ಆದರೆ ಹುಳಿ ಬರಲು ಕೆಲವು ಗಂಟೆ ಬೇಕು, ಅಷ್ಟರಲ್ಲಿ ಏನಾಗಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಇದನ್ನು "ಖಂಡಿತ ಸುರಕ್ಷಿತ" ಎಂದು ಉತ್ತರದಲ್ಲಿ ಬರೆಯಬೇಡಿ. "ಅಪಾಯ ಕಡಿಮೆಯಾಗಬಹುದು, ಕಾರಣ ಆಮ್ಲೀಯತೆ" ಎಂದು ಬರೆಯಿರಿ.

ಮಾಡಿ ನೋಡಿ

ಇಬ್ಬರು ಮೂವರು ಸೇರಿ, ಶಿಕ್ಷಕರ ಎದುರಿನಲ್ಲಿ ಮಾಡಿ. ಬಿಸಿ ಅನ್ನವನ್ನು ಎರಡು ಸಮಪಾಲು ಮಾಡಿ. ಒಂದು ಪಾಲನ್ನು ಆಳವಾದ ಪಾತ್ರೆಯಲ್ಲಿ ಒತ್ತಾಗಿ ತುಂಬಿ ಮುಚ್ಚಿ. ಇನ್ನೊಂದನ್ನು ಹರಿವಾಣದಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ. ಪ್ರಯೋಗಾಲಯದ ಆಲ್ಕೋಹಾಲ್ ಥರ್ಮಾಮೀಟರಿನ ಬುಡವನ್ನು ಎರಡರಲ್ಲೂ ಅನ್ನದ ನಡುಭಾಗದಲ್ಲಿ ಇಡಿ. 10 ನಿಮಿಷಕ್ಕೊಮ್ಮೆ ತಾಪಮಾನ ಬರೆದುಕೊಂಡು, ಸಮಯವನ್ನು ಅಡ್ಡ ಅಕ್ಷದಲ್ಲಿಟ್ಟು ನಕ್ಷೆ ಎಳೆಯಿರಿ. 60 ಡಿಗ್ರಿಯಲ್ಲೂ, 30 ಡಿಗ್ರಿಯಲ್ಲೂ ಒಂದೊಂದು ಅಡ್ಡಗೆರೆ ಹಾಕಿ. ಎರಡು ಗೆರೆಗಳ ನಡುವೆ ಪ್ರತಿ ಪಾಲು ಎಷ್ಟು ನಿಮಿಷ ಇತ್ತು ಎಂದು ಓದಿ. ಈ ಅನ್ನವನ್ನು ತಿನ್ನಬೇಡಿ, ಗೊಬ್ಬರದ ಗುಂಡಿಗೆ ಹಾಕಿ.

ಪ್ರಶ್ನೆ ಬಂದಾಗ ಉತ್ತರ ಹೀಗೆ

ಸನ್ನಿವೇಶದ ಪ್ರಶ್ನೆಯಲ್ಲಿ ಮೊದಲು ಹುಡುಕಬೇಕಾದ ಮೂರು ಸುಳಿವುಗಳು: ಯಾವ ಆಹಾರ, ಎಷ್ಟು ಹೊತ್ತು ಯಾವ ಬಿಸಿಯಲ್ಲಿ ಇತ್ತು, ತಿಂದ ಎಷ್ಟು ಹೊತ್ತಿಗೆ ಯಾವ ಲಕ್ಷಣ ಬಂತು. ಈಗ ಮೊದಲಿನ ಪ್ರಶ್ನೆಗೆ ಮಾದರಿ ಉತ್ತರ:

"ಆಹಾರ ಅನ್ನ, ವಾಂತಿ 2 ಗಂಟೆಯಲ್ಲಿ ಬಂದಿದೆ. ಆದ್ದರಿಂದ ಬ್ಯಾಸಿಲಸ್ ಸೀರಿಯಸ್‌ನ ವಾಂತಿಕಾರಕ ವಿಷ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಬೇಯಿಸಿದಾಗ ಉಳಿದ ಬೀಜಾಣುಗಳು, ದೊಡ್ಡ ಪಾತ್ರೆಯಲ್ಲಿ ಅನ್ನ ನಿಧಾನವಾಗಿ ಆರಿದ್ದರಿಂದ ಮೊಳೆತು ಹೆಚ್ಚಿ ವಿಷ ತಯಾರಿಸಿದವು. ಈ ವಿಷ ಬಿಸಿಗೆ ನಾಶವಾಗದ ಕಾರಣ ಬೆಳಿಗ್ಗೆ ಬಿಸಿ ಮಾಡಿದ್ದು ಪ್ರಯೋಜನವಾಗಲಿಲ್ಲ. ಅನ್ನವನ್ನು ತೆಳ್ಳಗೆ ಹರಡಿ ಬೇಗ ಆರಿಸಿ 5 ಡಿಗ್ರಿ ಅಥವಾ ಕಡಿಮೆಯಲ್ಲಿ ಇಡಬೇಕಿತ್ತು. ಖಚಿತಪಡಿಸಲು ಮಿಕ್ಕ ಅನ್ನವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು."

"ಸಾಧ್ಯತೆ ಹೆಚ್ಚು" ಎಂಬ ಪದ ಗಮನಿಸಿ. ಸ್ಟಫೈಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಿಷವೂ ಬಿಸಿ ತಾಳುತ್ತದೆ, ಅದೂ ಕೆಲವೇ ಗಂಟೆಯಲ್ಲಿ ವಾಂತಿ ತರುತ್ತದೆ. ಆದರೆ ಅದು ಸಾಮಾನ್ಯವಾಗಿ ಬರುವುದು ಮನುಷ್ಯರ ಚರ್ಮ, ಮೂಗಿನಿಂದ. ಪ್ರಶ್ನೆಯಲ್ಲಿ "ಕೈಯಲ್ಲಿ ಕೀವುಗಾಯ ಇದ್ದ ಅಡುಗೆಯವರು" ಎಂದು ಇದ್ದರೆ ಅತ್ತ ಯೋಚಿಸಿ. ಜ್ವರ ಸೇರಿ ಭೇದಿ ಮರುದಿನ ಬಂದಿದ್ದರೆ ಸಾಲ್ಮೊನೆಲ್ಲಾದಂಥ ಸೋಂಕು ನೆನಪಿಗೆ ಬರಲಿ.

ಈಗ ನೀವು ಉತ್ತರಿಸಬೇಕಾದ ಮೂರು.

1. ಮದುವೆ ಮನೆಯಲ್ಲಿ ಬೆಳಿಗ್ಗೆ 10ಕ್ಕೆ ಮಾಡಿದ ತುಪ್ಪದನ್ನವನ್ನು ಮಧ್ಯಾಹ್ನ 2ರವರೆಗೆ ಸಣ್ಣ ಉರಿಯಲ್ಲಿ ಇಟ್ಟರು, ಅನ್ನದ ನಡುಭಾಗ 65 ಡಿಗ್ರಿ ಇತ್ತು. ಬ್ಯಾಸಿಲಸ್ ಸೀರಿಯಸ್ ಬೆಳೆಯುವುದೇ? ಏಕೆ?

2. ಒಂದು ಮನೆಯಲ್ಲಿ ರಾತ್ರಿಯ ಅನ್ನವನ್ನು ಅರ್ಧ ಗಂಟೆ ಹರಡಿ ಆರಿಸಿ 4 ಡಿಗ್ರಿಯಲ್ಲಿಟ್ಟು, ಬೆಳಿಗ್ಗೆ ಬಿಸಿ ಮಾಡಿ ತಿಂದರು. ಪಕ್ಕದ ಮನೆಯವರು ಅದೇ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿಟ್ಟು, ಬೆಳಿಗ್ಗೆ ಎರಡು ಸೀಟಿ ಹಾಕಿಸಿ ತಿಂದರು. ಯಾರ ಅನ್ನದಲ್ಲಿ ಅಪಾಯ ಹೆಚ್ಚು?

3. ಗ್ರಾಂಗೆ 10 ಸಕ್ರಿಯ ಕೋಶ ಇರುವ ಅನ್ನ ಹಿತವಾದ ಬಿಸಿಯಲ್ಲಿ ಒಂದೂವರೆ ಗಂಟೆ ಮಾತ್ರ ಇತ್ತು. ಅರ್ಧ ಗಂಟೆಗೆ ಒಮ್ಮೆ ದ್ವಿಗುಣವಾದರೆ ಸಂಖ್ಯೆ ಎಷ್ಟು?

ಉತ್ತರ ಬರೆದ ಮೇಲೆ ಹೋಲಿಸಿ. ಮೊದಲನೆಯದರಲ್ಲಿ ಬೆಳೆಯುವುದಿಲ್ಲ, 65 ಡಿಗ್ರಿ ಅದರ ಬೆಳವಣಿಗೆಯ ಮಿತಿಗಿಂತ ಮೇಲೆ. ಆದರೆ ಬೀಜಾಣು ಉಳಿದಿರುತ್ತದೆ, ಆದ್ದರಿಂದ ಉರಿ ಆರಿಸಿದ ಮೇಲೆ ಗಡಿಯಾರ ಶುರು. ಎರಡನೆಯದರಲ್ಲಿ ಕುಕ್ಕರಿನವರದು. ಸೀಟಿಯ ಬಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ರಾತ್ರಿ ತಯಾರಾದ ಸೆರ್ಯೂಲೈಡನ್ನು ಅಲ್ಲ. ಮೂರನೆಯದು 10 × 2³ = 80. ಆರೂವರೆ ಲಕ್ಷಕ್ಕೂ ಎಂಬತ್ತಕ್ಕೂ ಇರುವ ಅಂತರವೇ ಬೇಗ ಆರಿಸುವುದರ ಬೆಲೆ.

ಕೊನೆಗೆ ಒಂದು ಮಾತು, ಪರೀಕ್ಷೆಗಲ್ಲ, ಮನೆಗೆ. ವಿಷ ಇರುವ ಅನ್ನ ರುಚಿ ವಾಸನೆಯಲ್ಲಿ ಗೊತ್ತಾಗದೆ ಇರಬಹುದು. ಹೊರಗೆ ರಾತ್ರಿ ಕಳೆದ ಅನ್ನವನ್ನು ಮೂಸಿ ನೋಡಿ ತೀರ್ಮಾನಿಸಬೇಡಿ. ಯಾರಿಗಾದರೂ ವಾಂತಿಯಾದರೆ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕೊಡಿ. ಚಿಕ್ಕ ಮಗುವಾಗಿದ್ದರೆ, ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ, ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಿಂದಿನ ರಾತ್ರಿಯ ಅನ್ನ ತಿಂದಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.